ಒಂದು ಪುಟದ ಅಹವಾಲು

ಕಡೂರಿನ ತಾಲ್ಲೂಕು ಕಚೇರಿಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಜನ ಕರಗುತ್ತಾರೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲುಗಳೆಲ್ಲ ಅಷ್ಟರೊಳಗೆ ಮುಗಿದಿರುತ್ತವೆ. ಹೊರಗೆ ತೆಂಗಿನಕಾಯಿ ಹೇರಿದ ಲಾರಿಯೊಂದು ಬೀರೂರು ಕಡೆಗೆ ತಿರುಗಲು ಹಾರ್ನ್ ಹೊಡೆಯುತ್ತಿರುತ್ತದೆ. ಒಳಗೆ ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಚಹಾ ತರಿಸಿಕೊಂಡು, ಇನ್ನು ಬರುವವರು ಬರಲಿ ಎಂಬಂತೆ ಕಾಲು ಚಾಚಿರುತ್ತಾನೆ.

ಅಂಥ ಹೊತ್ತಿನಲ್ಲೇ ಯಗಟಿ ಕಡೆಯ ಆ ಹೆಂಗಸು ಬಂದರು. ಐವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಬಟ್ಟೆ ಅಂಗಡಿಯ ಕೈಚೀಲವೊಂದನ್ನು ಒತ್ತಿ ಹಿಡಿದಿದ್ದರು. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬಿಲ್ಲು, ರಸೀದಿ, ಚೀಟಿಗಳು. ಜೊತೆಗೆ ಅಣ್ಣನ ಮಗ. ಅವನ ಕೈಯಲ್ಲಿ ಗೀರುಹಾಳೆಯ ನಾಲ್ಕು ಪುಟ, ಎರಡೂ ಮಗ್ಗುಲು ತುಂಬಿದ ಬರಹ. "ಇದನ್ನ ಟೈಪು ಮಾಡಿಕೊಡಿ. ಸೋಮವಾರ ಚಿಕ್ಕಮಗಳೂರಲ್ಲಿ ಅತ್ತೆ ಓದಬೇಕು" ಎಂದ.

ಮೂಲೆಯ ಸ್ಟೂಲಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದವರು ತಲೆ ಎತ್ತಿದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸಂಜೆಯ ನಡಿಗೆಗೆ ಮುಂಚೆ ಈ ಅಂಗಡಿಯಲ್ಲಿ ಒಂದು ತಾಸು ಕೂರುವುದು ಅವರ ರೂಢಿ. ಬೇರೆಯವರ ಅರ್ಜಿಯಲ್ಲಿ ಕಾಗುಣಿತ ತಿದ್ದುವುದು ಅವರ ಹಳೆಯ ಚಟ.

"ಓದೋದು ಎಲ್ಲಿ ತಾಯಿ, ಕೋರ್ಟಲ್ಲೋ?"

"ಕೋರ್ಟಲ್ಲ ಸಾರ್. ಗ್ರಾಹಕರ ಆಯೋಗದಲ್ಲಿ. ರಾಜಿ ಮಾತುಕತೆಗೆ ಹಾಕವ್ರೆ. ಕಂಪನಿಯೋರೂ ಬರ್ತಾರಂತೆ. ಮೊದಲು ನಿಮ್ಮ ಮಾತು ಹೇಳಿ ಅಂತಾರೆ, ಬರ್ಕೊಂಡು ಬನ್ನಿ ಅಂದವ್ರೆ."

ವಿಷಯ ಬೋರ್‌ವೆಲ್ ಮೋಟಾರಿನದು. ಮಲೆನಾಡಿನ ಜಿಲ್ಲೆ ಎಂದು ಹೆಸರಾದರೂ ಕಡೂರು ಒಣ ಸೀಮೆ. ಇಲ್ಲಿ ತೋಟವೆಂದರೆ ಕೊಳವೆಬಾವಿ, ಕೊಳವೆಬಾವಿಯೆಂದರೆ ಮೋಟಾರು. ಈಕೆಯ ಮೂರು ಎಕರೆ ತೆಂಗು-ಅಡಿಕೆಗೆ ಒಂದೇ ಬೋರು, 620 ಅಡಿ. 2024ರ ನವೆಂಬರ್ 14ರಂದು ಏಳೂವರೆ ಎಚ್.ಪಿ.ಯ ಸಬ್‌ಮರ್ಸಿಬಲ್ ಸೆಟ್ಟನ್ನು 48,200 ರೂಪಾಯಿ ಕೊಟ್ಟು ತಂದು, 16ರಂದು 480 ಅಡಿಗೆ ಇಳಿಸಿದ್ದರು. ವಾರಂಟಿ ಒಂದು ವರ್ಷ. 2025ರ ಫೆಬ್ರುವರಿ 3ರ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಬಂದಾಗ ಸ್ಟಾರ್ಟರು ಹಿಡಿಯಲಿಲ್ಲ. ಇಳಿಸಿ 79 ದಿನವಾಗಿತ್ತು. ಗಾಡಿ ತರಿಸಿ ಎತ್ತಿಸಿ, ಚಿಕ್ಕಮಗಳೂರಿನ ಸರ್ವಿಸ್ ಸೆಂಟರಿಗೆ ಕೊಟ್ಟರು. 39 ದಿನ ಇಟ್ಟುಕೊಂಡು ಕಂಪನಿ ಒಂದು ಕಾಗದ ಕಳಿಸಿತು. ಡ್ರೈ ರನ್ ಮತ್ತು ಸಿಂಗಲ್ ಫೇಸಿಂಗ್‌ನಿಂದ ಮೋಟಾರು ಸುಟ್ಟಿದೆ, ಇದು ಗ್ರಾಹಕರ ನಿರ್ಲಕ್ಷ್ಯ, ವಾರಂಟಿ ಅನ್ವಯಿಸುವುದಿಲ್ಲ ಎಂದು.

ದೂರು ಕೊಟ್ಟದ್ದು ಹೇಗೆ ಎಂಬುದನ್ನು ಶಿರಸ್ತೇದಾರರು ಎರಡೇ ಪ್ರಶ್ನೆಯಲ್ಲಿ ಕೇಳಿ ತಿಳಿದುಕೊಂಡರು. ಬಿಲ್ಲಿನ ಅಡಿಯಲ್ಲಿ, ವ್ಯಾಜ್ಯವೇನಿದ್ದರೂ ತಮಿಳುನಾಡಿನ ಕೋರ್ಟಿಗೆ ಸೇರಿದ್ದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೂರು ಅಂಗೀಕಾರವಾದ ಮೇಲೆ, ರಾಜಿಗೆ ಎಡೆಯಿದೆ ಎಂದು ಆಯೋಗಕ್ಕೆ ಕಂಡರೆ, ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಎಂದು ಎರಡೂ ಕಡೆಯವರನ್ನು ಕೇಳಿ ಐದು ದಿನದೊಳಗೆ ಲಿಖಿತ ಒಪ್ಪಿಗೆ ಪಡೆಯುತ್ತದೆ. ಇಲ್ಲಿ ಇಬ್ಬರೂ ಒಪ್ಪಿದ್ದರು.

"ಸರಿ, ಎಲ್ಲಿ, ಓದು ಮಗ."

ಹುಡುಗ ಓದತೊಡಗಿದ. ಮೊದಲ ಪುಟ ಪೂರ್ತಿ ಅಂಗಡಿಯವನ ಮಾತಿನ ಬಣ್ಣನೆ. ಎರಡನೆಯದರಲ್ಲಿ ಕಂಪನಿ ಮೋಸಗಾರ, ರೈತರ ರಕ್ತ ಹೀರುವವರು ಇತ್ಯಾದಿ. ಮೂರನೆಯದರಲ್ಲಿ ಕಾಯ್ದೆಯ ಕಲಮುಗಳು, ಯಾವುದೋ ಮೊಬೈಲ್ ವಿಡಿಯೊ ನೋಡಿ ಬರೆದುಕೊಂಡದ್ದು. ಮೋಟಾರು ಸುಟ್ಟ ದಿನಾಂಕ ಬಂದದ್ದು ನಾಲ್ಕನೆಯ ಪುಟದಲ್ಲಿ. ಕಟ್ಟಕಡೆಗೆ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿ ನ್ಯಾಯ ದೊರಕಿಸಬೇಕೆಂಬ ಬೇಡಿಕೆ.

ಶಿರಸ್ತೇದಾರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ತಾಯಿ, ಅಲ್ಲಿ ತೀರ್ಪು ಕೊಡೋರು ಯಾರೂ ಇರಲ್ಲ. ಮಧ್ಯಸ್ಥಿಕೆದಾರರು ಅಂತ ಒಬ್ಬರು ಕೂತಿರ್ತಾರೆ. ನೀವು ಸರಿ, ಅವರು ತಪ್ಪು ಅಂತ ಅವರು ಬರೆಯೋ ಹಾಗೇ ಇಲ್ಲ. ನಿಮಗೆ ದುಡ್ಡು ಕೊಡಬೇಕಾದೋನು ನಿಮ್ಮ ಎದುರಿಗೆ ಕೂತಿರ್ತಾನಲ್ಲ, ಈ ಕಾಗದ ಅವನಿಗೆ. ಅವನು ಮೇಲಿನೋರಿಗೆ ಫೋನು ಮಾಡಿ ಏನು ಹೇಳಬೇಕೋ ಅದಷ್ಟೇ ಇದರಲ್ಲಿರಬೇಕು. ಮೋಸಗಾರ ಅಂದ್ರೆ ಅವನು ಫೋನು ಮಾಡಲ್ಲ, ಎದ್ದು ಹೋಗ್ತಾನೆ."

ಹೆಂಗಸಿನ ಮುಖ ಬಿಗಿಯಿತು. "ಮತ್ತೆ ನಾವು ಪಟ್ಟಿದ್ದು?"

"ಅದನ್ನ ಒಂದೇ ಸಾಲಲ್ಲಿ ಹೇಳಾನ."

ನಾಲ್ಕು ಪುಟ ಒಂದು ಪುಟವಾಗುವುದನ್ನು ನೋಡುತ್ತ ನಾನೂ ನನ್ನ ನಕಲಿನ ಕೆಲಸ ಮರೆತು ಕುಳಿತೆ. ಮೊದಲು ಹೋದದ್ದು ಅಂಗಡಿಯವನ ಮಾತು. ಆಡಿದ ಮಾತಿಗೆ ಸಾಕ್ಷಿಯಿಲ್ಲ, ಬಿಲ್ಲಿಗೆ ಇದೆ. ಆಮೇಲೆ ಹೋದದ್ದು ಕಲಮುಗಳು. ತೋಟಕ್ಕೆ ಹಾಕಿದ ಮೋಟಾರು ವಾಣಿಜ್ಯ ಉದ್ದೇಶದ್ದು, ಆದ್ದರಿಂದ ಈಕೆ ಗ್ರಾಹಕರೇ ಅಲ್ಲ ಎಂದು ಕಂಪನಿಯ ವಕೀಲರು ಉತ್ತರದಲ್ಲಿ ಒಂದು ಎಳೆ ಬಿಟ್ಟಿದ್ದರಂತೆ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಕೊಂಡ ಸರಕು ವಾಣಿಜ್ಯದ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಬಿತ್ತನೆಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿಯೂ ಆಗಿದೆ. ಆದರೆ ಅದನ್ನೆಲ್ಲ ಇಲ್ಲಿ ವಾದಿಸಿದರೆ ಇಡೀ ಬೆಳಗು ಅದರಲ್ಲೇ ಕಳೆಯುತ್ತದೆ. "ಮೂರು ಎಕರೆ ತೋಟವೇ ನನ್ನ ಜೀವನ" ಎಂಬ ನಾಲ್ಕೈದು ಪದಗಳಲ್ಲಿ ಆ ಉತ್ತರ ಅಡಗಿ ಕೂತಿತು. ವಕೀಲರಿಗೆ ಅರ್ಥವಾಗುತ್ತದೆ, ಉಳಿದವರಿಗೆ ಅದು ಬರೀ ಪರಿಚಯ.

ಆಮೇಲೆ ಶಿರಸ್ತೇದಾರರು ಕೈಚೀಲವನ್ನೇ ಮೇಜಿನ ಮೇಲೆ ಸುರಿಸಿದರು. ನಿಜವಾದ ಕೆಲಸ ಶುರುವಾದದ್ದು ಆಗ. ಚೀಟಿಗಳ ನಡುವೆ ಹಳದಿ ಬಣ್ಣದ ಕಾರ್ಬನ್ ಪ್ರತಿಯೊಂದು ಸಿಕ್ಕಿತು. ಫೆಬ್ರುವರಿ 6ರಂದು ಮೋಟಾರು ಒಪ್ಪಿಸಿಕೊಂಡಾಗ ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಜಾಬ್ ಕಾರ್ಡು. ಅಕ್ಷರ ಮಸುಕಾಗಿತ್ತು. ಹುಡುಗ ಮೊಬೈಲಿನ ಟಾರ್ಚ್ ಹಿಡಿದ. ವೈಂಡಿಂಗ್ ಶಾರ್ಟ್, ಪಂಪ್ ಸರಿಯಿದೆ, ವಾರಂಟಿ ಇದೆ ಎಂದು ಮೂರು ಸಾಲು, ಕೆಳಗೆ ಸಹಿ.

"ಇದನ್ನ ಯಾಕೆ ಬರೀಲಿಲ್ಲ?"

"ಅದು ಬರೀ ಚೀಟಿ ಅಂತ…"

ಡ್ರೈ ರನ್ ಎಂದರೆ ನೀರಿಲ್ಲದೆ ಪಂಪು ತಿರುಗಿದ್ದು. ನೀರೇ ಪಂಪಿನ ಬುಷ್ಷುಗಳನ್ನು ತಂಪಾಗಿಡುವುದರಿಂದ, ನೀರಿಲ್ಲದೆ ಓಡಿದರೆ ಮೊದಲು ಏಟು ಬೀಳುವುದು ಪಂಪಿಗೆ. ಬುಷ್ಷು ಸವೆಯುತ್ತದೆ, ಇಂಪೆಲ್ಲರ್ ಉಜ್ಜಿರುತ್ತದೆ. ಪಂಪು ಸರಿಯಿದೆ ಎಂದು ಕಂಪನಿಯ ಕೇಂದ್ರವೇ ಬರೆದ ಮೇಲೆ ಡ್ರೈ ರನ್ ಎಲ್ಲಿಂದ ಬಂತು? ಸಿಂಗಲ್ ಫೇಸಿಂಗ್ ವಿಚಾರಕ್ಕೆ ಶಿರಸ್ತೇದಾರರು ಫೋನಿನಲ್ಲಿ ಮೋಟಾರು ರಿಪೇರಿಯವನೊಬ್ಬನನ್ನು ಹಿಡಿದರು. ಈ ಸೆಟ್ಟನ್ನು ಬೋರಿಗೆ ಇಳಿಸಿದವನೇ ಅವನು. ಒಂದು ಫೇಸು ಹೋಗಿ ಎರಡರ ಮೇಲೆ ಮೋಟಾರು ಎಳೆದಾಡಿದರೆ, ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಸುರುಳಿ ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿಯುತ್ತದೆ. ಲೋಡು ಹೆಚ್ಚಾಗಿ ಸುಟ್ಟರೆ ಮೂರೂ ಒಂದೇ ಸಮ ಕರಕಲು. ಸುರುಳಿಯ ಹೊದಿಕೆಯಲ್ಲೇ ದೋಷವಿದ್ದರೆ ಒಂದು ಕಡೆ ಮಾತ್ರ ತೂತು ಬಿದ್ದು ಸುಟ್ಟಿರುತ್ತದೆ. ಬಿಚ್ಚಿದಾಗಿನ ಫೋಟೋ ಕಂಪನಿಯ ಕಾಗದದ ಜೊತೆ ಇರಲಿಲ್ಲ. "ಬೋರ್ಡಲ್ಲಿ ಪ್ರಿವೆಂಟರ್ ಇದೆ ಸಾರ್, ನಾನೇ ಹಾಕಿದ್ದು" ಎಂದು ಫೋನಿನ ಆ ಕಡೆಯಿಂದ ಗಟ್ಟಿ ಧ್ವನಿ ಬಂತು.

ಫೋಟೋ ಕೊಡಿ ಎಂದು ಕೇಳುವುದು, ನೀವು ಸುಳ್ಳು ಹೇಳಿದ್ದೀರಿ ಎನ್ನುವುದು ಎರಡೂ ಬೇರೆ. ಮೊದಲನೆಯದಕ್ಕೆ ಎದುರಿನವನು ಕಡತ ತಿರುವಲೇಬೇಕು. ಎರಡನೆಯದಕ್ಕೆ ಸಿಟ್ಟಾದರೆ ಸಾಕು. ಕಾಗದದಲ್ಲಿ ಹೋದದ್ದು ಮೊದಲನೆಯದು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಹೊರಬಂದದ್ದು ಮಾತಿನ ನಡುವೆ, ಅದೂ ದೂರಿನ ರೂಪದಲ್ಲಿ. ಕಂಪನಿಯ ಕಾಗದ ಬರುವವರೆಗೆ ಕಾಯಲಾಗದೆ ಫೆಬ್ರುವರಿ 24ರಂದು ಸಾಲ ಮಾಡಿ ಬೇರೆ ಸೆಟ್ಟು ತಂದು ಇಳಿಸಿದೆವು ಎಂದು ಆಕೆ ಗೊಣಗಿದರು. ಯಾವ ಕೇಬಲ್ಲು? ಅದೇ. ಯಾವ ಬೋರ್ಡು? ಅದೇ. ಎಷ್ಟು ಆಳ? ಅಷ್ಟೇ. ಈಗ ಓಡ್ತಿದೆಯಾ? "ಓಡ್ತೈತೆ, ಒಂದು ದಿನ ನಿಂತಿಲ್ಲ." ಶಿರಸ್ತೇದಾರರು ಹುಡುಗನ ಕಡೆ ತಿರುಗಿ "ಬರ್ಕೊ" ಎಂದರು. ಬೋರಿನಲ್ಲಿ ನೀರಿಲ್ಲ, ಕರೆಂಟು ಸರಿಯಿಲ್ಲ ಎಂಬ ಎರಡು ವಾದಕ್ಕೂ ಆ ಒಂದು ಸಾಲು ಉತ್ತರವಾಗಬಲ್ಲದು.

ದುಡ್ಡಿನ ಲೆಕ್ಕಕ್ಕೆ ಬಂದಾಗ ಕೊಂಚ ಜಗಳವೇ ಆಯಿತು. ಐದು ಲಕ್ಷ ಎಲ್ಲಿಂದ ಬಂತೆಂದು ಕೇಳಿದರೆ ಅತ್ತೆ ಅಳಿಯನ ಮುಖ ನೋಡಿದರು, ಅಳಿಯ ಕಂಪ್ಯೂಟರ್ ನೋಡಿದ. ಶಿರಸ್ತೇದಾರರ ನಿಯಮ ಒಂದೇ: ಕಾಗದವಿರುವ ದುಡ್ಡು ಮಾತ್ರ ಈ ಪುಟಕ್ಕೆ. ಸೆಟ್ಟಿನ ಬೆಲೆ 48,200. ಎತ್ತಲು 4,500, ಮತ್ತೆ ಇಳಿಸಲು 4,500, ಎರಡಕ್ಕೂ ಗಾಡಿಯವನ ರಸೀದಿ ಇದೆ. ಅಡಿಕೆ ಸಸಿ ಉಳಿಸಿಕೊಳ್ಳಲು ಹೊಡೆಸಿದ ಟ್ಯಾಂಕರ್ ನೀರು 18 ಲೋಡು, ಲೋಡಿಗೆ 700. ಆದರೆ ಚೀಟಿ ಇದ್ದದ್ದು 11ಕ್ಕೆ.

"ಹದಿನೆಂಟು ಹೊಡ್ಸಿದ್ದು ಸತ್ಯ ಸಾರ್."

"ಸತ್ಯವೇ ಇರಬಹುದು ಕಣಮ್ಮ. ಏಳು ಲೋಡಿಗೆ ಚೀಟಿ ಎಲ್ಲಿ ಅಂತ ಅವನು ಒಂದು ಸಲ ಕೇಳಿದ ಅಂದ್ರೆ, ಉಳಿದ ಹನ್ನೊಂದನ್ನೂ ಅನುಮಾನದಿಂದ ನೋಡ್ತಾನೆ."

ಹನ್ನೊಂದು ಲೋಡಿಗೆ 7,700. ಒಟ್ಟು 64,900. ಒಣಗಿದ ಸಸಿಗಳ ನಷ್ಟ, ಮನಸ್ಸಿನ ನೋವು ಇವು ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಹೇಗೂ ಇವೆ. ರಾಜಿಯಾಗದಿದ್ದರೆ ಅಲ್ಲಿ ಕೇಳುವ ಹಕ್ಕು ಹಾಗೇ ಉಳಿಯುತ್ತದೆ, ಅದನ್ನೂ ಒಂದು ಸಾಲಾಗಿ ಸೇರಿಸಿದರು. ಮೊದಲ ಹೆಜ್ಜೆಯಲ್ಲೇ ಇಷ್ಟು ಕಡಿಮೆ ಕೇಳುವುದು ಸರಿಯೇ ಎಂದು ನನಗೆ ಒಳಗೊಳಗೇ ಅನಿಸಿತು. ಚೌಕಾಸಿಯಲ್ಲಿ ಮೇಲಿಂದ ಹಿಡಿದರೆ ತಾನೇ ಇಳಿಯಲು ಜಾಗ? ಆದರೆ ಐದು ಲಕ್ಷ ಎಂದು ಕೇಳಿದ ಕೂಡಲೇ ಎದುರಿನವನು ಇದು ನನ್ನ ಅಧಿಕಾರದ್ದಲ್ಲ ಎಂದು ಎದ್ದುಬಿಡಬಹುದು. ಬಿಡಿ ಬಿಡಿಯಾಗಿ ರಸೀದಿಗೆ ತಾಳೆಯಾಗುವ ಮೊತ್ತವನ್ನು ಕಡಿಯಬೇಕೆಂದರೆ ಯಾವ ಬಾಬ್ತು ಒಪ್ಪುವುದಿಲ್ಲವೆಂದು ಅವನೇ ಬಾಯಿಬಿಟ್ಟು ಹೇಳಬೇಕು. ಶಿರಸ್ತೇದಾರರ ಲೆಕ್ಕಾಚಾರ ಅದು.

ಇಷ್ಟಾದ ಮೇಲೆ ಆಕೆ ಒಂದು ಮಾತು ಹೇಳಿದರು. ದುಡ್ಡು ಹೆಚ್ಚುಕಮ್ಮಿಯಾಗಲಿ, ಆದರೆ ನಿರ್ಲಕ್ಷ್ಯ ಅಂತ ಬರೆದದ್ದನ್ನು ವಾಪಸ್ ತಗೋಬೇಕು. ಆ ಕಾಗದ ಬಂದ ಮೇಲೆ ಊರಲ್ಲಿ ಮೋಟಾರು ಇಳಿಸಿದ ಹುಡುಗನ ಕಡೆ ಬೊಟ್ಟು ತೋರಿಸುತ್ತಿದ್ದಾರೆ, ಅವನಿಗೆ ಕೆಲಸ ಕಡಿಮೆಯಾಗಿದೆ ಎಂದು. ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲದ ಬೇಡಿಕೆ. ಕಂಪನಿಗೆ ಒಂದು ಪೈಸೆಯ ಖರ್ಚಿಲ್ಲದ್ದು. ಕೊಡುವವನಿಗೆ ಹಗುರ, ಪಡೆಯುವವರಿಗೆ ಭಾರವಾದ ಇಂಥವು ರಾಜಿ ಮೇಜಿನ ಮೇಲೆ ಬಹಳ ಕೆಲಸ ಮಾಡುತ್ತವೆ. ಶಿರಸ್ತೇದಾರರು ಅದನ್ನು ಬೇಡಿಕೆಗಳಲ್ಲಿ ಎರಡನೆಯದಾಗಿ ಇಟ್ಟರು.

ಐದೂವರೆಗೆ ಪ್ರಿಂಟು ಹೊರಬಂತು. ಅದರ ಒಕ್ಕಣೆ ಹೀಗಿತ್ತು:

"ನಮಸ್ಕಾರ. ನಾನು ಕಡೂರು ತಾಲ್ಲೂಕಿನ ಯಗಟಿ ಹೋಬಳಿಯವಳು. ಮೂರು ಎಕರೆ ತೆಂಗು, ಅಡಿಕೆ ತೋಟವೇ ನನ್ನ ಜೀವನ. ಈ ವಿಷಯ ಇವತ್ತೇ ಮುಗಿಯಲಿ ಎಂದು ಬಂದಿದ್ದೇನೆ.

2024ರ ನವೆಂಬರ್ 14ರಂದು ನಿಮ್ಮ ಕಂಪನಿಯ 7.5 ಎಚ್.ಪಿ. ಸೆಟ್ಟನ್ನು 48,200 ರೂಪಾಯಿಗೆ ಕೊಂಡೆ. ವಾರಂಟಿ ಒಂದು ವರ್ಷ. ಇಳಿಸಿದ 79ನೇ ದಿನ, 2025ರ ಫೆಬ್ರುವರಿ 3ರಂದು, ಮೋಟಾರು ನಿಂತಿತು. 6ರಂದು ನಿಮ್ಮ ಸರ್ವಿಸ್ ಸೆಂಟರಿಗೆ ಒಪ್ಪಿಸಿದೆ. ಅವತ್ತಿನ ಜಾಬ್ ಕಾರ್ಡಿನಲ್ಲಿ ವೈಂಡಿಂಗ್ ಶಾರ್ಟ್, ಪಂಪ್ ಸರಿಯಿದೆ, ವಾರಂಟಿ ಇದೆ ಎಂದು ಬರೆದಿದೆ. ಮಾರ್ಚ್ 17ರ ನಿಮ್ಮ ಪತ್ರದಲ್ಲಿ ಡ್ರೈ ರನ್, ಸಿಂಗಲ್ ಫೇಸಿಂಗ್, ನನ್ನ ನಿರ್ಲಕ್ಷ್ಯ ಎಂದಿದೆ. ಎರಡೂ ಕಾಗದ ನಿಮ್ಮವೇ, ಎರಡೂ ಇಲ್ಲಿವೆ. ಮೋಟಾರು ಬಿಚ್ಚಿದಾಗಿನ ಫೋಟೋ ಇದ್ದರೆ ದಯವಿಟ್ಟು ತೋರಿಸಿ.

ಬೋರ್ಡಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇದೆ. ಫೆಬ್ರುವರಿ 24ರಂದು ಅದೇ ಬೋರಿಗೆ, ಅದೇ ಆಳಕ್ಕೆ, ಅದೇ ಕೇಬಲ್ಲು ಮತ್ತು ಬೋರ್ಡಿನಲ್ಲಿ ಬೇರೆ ಸೆಟ್ಟು ಇಳಿಸಿದೆ. ಅದು ಇವತ್ತಿಗೂ ಓಡುತ್ತಿದೆ.

ಬೇಸಿಗೆಯ ಬಾಯಲ್ಲಿ ಮೂರು ವಾರ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿ, ಸಾಲ ಮಾಡಿ ಎರಡನೇ ಮೋಟಾರು ತಂದೆ.

ನಾನು ಕೇಳುವುದು ಎರಡು. ಒಂದು, ಸೆಟ್ಟಿನ ಬೆಲೆ 48,200, ಎತ್ತಿ ಇಳಿಸಿದ ಖರ್ಚು 9,000, ರಸೀದಿಯಿರುವ ಟ್ಯಾಂಕರ್ ಖರ್ಚು 7,700, ಒಟ್ಟು 64,900 ರೂಪಾಯಿ, 30 ದಿನದೊಳಗೆ ನನ್ನ ಬ್ಯಾಂಕ್ ಖಾತೆಗೆ. ಎರಡು, ಗ್ರಾಹಕರ ನಿರ್ಲಕ್ಷ್ಯ ಎಂಬ ಮಾತನ್ನು ಹಿಂಪಡೆಯುವ ಒಂದು ಪತ್ರ. ಹಳೆಯ ಸೆಟ್ಟು ನಿಮ್ಮಲ್ಲೇ ಇರಲಿ.

ದೂರಿನಲ್ಲಿ ಕೇಳಿರುವ ಉಳಿದ ಪರಿಹಾರವನ್ನು ಇಲ್ಲಿ ರಾಜಿಯಾದರೆ ಬಿಡುತ್ತೇನೆ. ನಿಮ್ಮ ಮಾತು ಕೇಳಲು ಸಿದ್ಧಳಿದ್ದೇನೆ."

ಓದಿಸಿ ನೋಡಿದರು. ಮೊದಲ ಸಲ ನಿರ್ಲಕ್ಷ್ಯ ಎಂಬಲ್ಲಿ ಗಂಟಲು ಕಟ್ಟಿತು. ಎರಡನೆಯ ಸಲ ತಡವರಿಸದೆ ಮೂರು ನಿಮಿಷದೊಳಗೆ ಮುಗಿಯಿತು. ಮರೆತರೂ ಚಿಂತೆಯಿಲ್ಲ, ನೋಡಿಕೊಂಡೇ ಓದಬಹುದು. ಮೂರು ಪ್ರತಿ ತೆಗೆಸಿದರು. ಮಧ್ಯಸ್ಥಿಕೆದಾರರಿಗೊಂದು, ಕಂಪನಿಯವರಿಗೊಂದು, ಕೈಗೊಂದು. ಜಾಬ್ ಕಾರ್ಡು ಮತ್ತು ಕಂಪನಿಯ ಪತ್ರವನ್ನು ಒಂದೇ ಹಾಳೆಯ ಎರಡು ಅರ್ಧಗಳಲ್ಲಿ ಅಕ್ಕಪಕ್ಕ ಬರುವಂತೆ ಜೆರಾಕ್ಸ್ ಮಾಡಿಸಿದರು.

ಕೊನೆಗೆ ಎಷ್ಟಕ್ಕೆ ಒಪ್ಪುತ್ತೀರಿ ಎಂದು ಶಿರಸ್ತೇದಾರರು ಕೇಳಿದರು. ಟ್ಯಾಂಕರಿನದು ಹೋದರೂ ಸರಿ, 57,200ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದರು ಆಕೆ. "ಅದನ್ನ ಬೇರೆ ಚೀಟೀಲಿ ಬರೆದು ಮನೇಲಿ ದೇವರ ಗೂಡಲ್ಲಿಡಿ. ಚೀಲದಲ್ಲೂ ಬೇಡ. ಮಧ್ಯಸ್ಥಿಕೆದಾರರು ನಿಮ್ಮೊಬ್ಬರನ್ನೇ ಬೇರೆ ಕೂರಿಸಿಕೊಂಡು ಮಾತಾಡ್ತಾರೆ. ಹೇಳಲೇಬೇಕು ಅನ್ನಿಸಿದ್ರೆ ಆಗ ಹೇಳಿ, ಇದನ್ನ ಆ ಕಡೆಗೆ ತಿಳಿಸಬೇಡಿ ಅಂತಲೂ ಹೇಳಿ."

ಇನ್ನೊಂದು ಎಚ್ಚರಿಕೆ ಕೊಟ್ಟರು. ಇಂಥ ಕಡೆ ಕಂಪನಿಗಳು ಕೆಲವೊಮ್ಮೆ ಸೇಲ್ಸ್ ವಿಭಾಗದ ಹುಡುಗನನ್ನು ಕಳಿಸಿಬಿಡುತ್ತವೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಕೇಳಿ ಹೇಳ್ತೀನಿ ಎನ್ನುತ್ತಾನೆ. ಆದ್ದರಿಂದ ಓದುವ ಮೊದಲೇ, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರಪತ್ರ ತಂದಿದ್ದಾರೆಯೇ ಎಂದು ಮಧ್ಯಸ್ಥಿಕೆದಾರರ ಮೂಲಕ ಕೇಳಿಸಬೇಕು. ಇಲ್ಲವೆಂದರೆ ಅಧಿಕಾರವುಳ್ಳವರನ್ನು ಫೋನಿನಲ್ಲಿ ಸಿಗುವಂತೆ ಮಾಡಿ ಎನ್ನಬೇಕು, ಇಲ್ಲವೇ ಬೇರೆ ದಿನ ಕೇಳಬೇಕು. ದುಡ್ಡಿನ ಬದಲು ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ನು ಕೊಡುತ್ತೇವೆ ಎಂದರೆ ಆ ಕಂಪನಿಯ ಮೋಟಾರು ಇನ್ನೊಂದು ಸಲ ಕೊಳ್ಳುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ ಎಂದು ನಕ್ಕರು. ಆಕೆಯೂ ನಕ್ಕರು, ಅವತ್ತು ಮೊದಲ ಬಾರಿಗೆ.

ಸೋಮವಾರ ಆ ಕೋಣೆಯಲ್ಲಿ ಏನು ನಡೆಯಿತೆಂದು ನಾನು ಬರೆಯುವಂತಿಲ್ಲ, ಆಕೆ ಹೇಳುವಂತೆಯೂ ಇಲ್ಲ. ಮಧ್ಯಸ್ಥಿಕೆಯ ಮಾತು ಅಲ್ಲೇ ಉಳಿಯಬೇಕೆಂಬುದು ನಿಯಮ. ಅಲ್ಲಿ ಆಡಿದ್ದನ್ನು, ಒಪ್ಪಿದ್ದನ್ನು ನಾಳೆ ಆಯೋಗದ ಮುಂದೆ ಯಾರೂ ಸಾಕ್ಷಿಯಾಗಿ ಎತ್ತುವಂತಿಲ್ಲ. ರಾಜಿ ಮುರಿದರೆ ದೂರಿನ ವಿಚಾರಣೆ ಎಂದಿನಂತೆ ಮುಂದುವರಿಯುತ್ತದೆ. ಕೂಡಿಬಂದರೆ ಷರತ್ತುಗಳನ್ನು ಬರೆದು ಇಬ್ಬರೂ ಸಹಿ ಹಾಕುತ್ತಾರೆ, ವರದಿ ತಲುಪಿದ ಏಳು ದಿನದೊಳಗೆ ಆಯೋಗ ಅದನ್ನು ದಾಖಲಿಸಿ ಆದೇಶ ಹೊರಡಿಸುತ್ತದೆ. ಆಯೋಗದ ಆದೇಶ ಪಾಲಿಸದವರಿಗೆ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಈ ಬೇಸಿಗೆಯಲ್ಲಿ ನಿಮ್ಮ ಮೋಟಾರೂ ಎದ್ದು ಮೇಲೆ ಬಂದರೆ, ಸರ್ವಿಸ್ ಸೆಂಟರಿಗೆ ಒಪ್ಪಿಸುವ ದಿನವೇ ಎರಡು ಕೆಲಸ ಮಾಡಿ. ಜಾಬ್ ಕಾರ್ಡಿನಲ್ಲಿ ಅವರು ಕಂಡದ್ದನ್ನು ಬರೆಸಿ ಸಹಿ ಹಾಕಿಸಿಕೊಂಡು ಫೋಟೋ ತೆಗೆದಿಡಿ, ಕಾರ್ಬನ್ ಅಕ್ಷರ ಬೇಗ ಅಳಿಸುತ್ತದೆ. ಮೋಟಾರು ಬಿಚ್ಚುವಾಗ ನಮ್ಮನ್ನು ಕರೆಯಿರಿ, ಇಲ್ಲವೇ ಸುರುಳಿಯ ಫೋಟೋ ಕಳಿಸಿ ಎಂದು ಅದೇ ಕಾರ್ಡಿನ ಕೆಳಗೆ ನಿಮ್ಮ ಕೈಯಲ್ಲೇ ಒಂದು ಸಾಲು ಬರೆದು ಕೊಡಿ.